ಕೂಡಿಸಬಾರದ ಎರಡು ತುಂಡು

ಚಳಿಗಾಲದ ರಜೆಗೆ ಮೊದಲಿನ ವಾರಗಳಲ್ಲಿ ನನ್ನ ಹತ್ತಿರ ಯಾರೂ ಸುಳಿಯುವುದಿಲ್ಲ. ಜೊತೆಯ ಮೇಷ್ಟರುಗಳು ಚಹಾಕ್ಕೆ ಕರೆಯುವುದನ್ನೂ ಬಿಡುತ್ತಾರೆ. ಮೆಟಲರ್ಜಿಯ ಕೊನೆಯ ವರ್ಷದ ಹುಡುಗ ಹುಡುಗಿಯರು ಇಂಟರ್ನ್‌ಶಿಪ್ಪಿಗೆಂದು ಉಕ್ಕಿನ ಕಾರ್ಖಾನೆಗಳಿಗೆ ಬರೆಯುವ ಕವರ್ ಲೆಟರುಗಳೆಲ್ಲ ಆಗ ನನ್ನ ಮೇಜಿಗೆ ಬರುತ್ತವೆ. ಓದಿ, ತಿದ್ದಿಸಿ, ಕಾಲೇಜಿನ ಒಪ್ಪಿಗೆ ಪತ್ರದ ಜೊತೆ ಸೇರಿಸಿ ಕಳಿಸುವ ಕೆಲಸ ನನ್ನದು. ನಿಜ ಹೇಳಬೇಕೆಂದರೆ ಒಂದನ್ನು ಓದಿದರೆ ಸಾಕು, ಉಳಿದವೆಲ್ಲ ಅದರ ನಕಲು. ಎಲ್ಲರಿಗೂ ಆ ಕಾರ್ಖಾನೆ 'ಗೌರವಾನ್ವಿತ ಸಂಸ್ಥೆ'. ಎಲ್ಲರಿಗೂ ಬಾಲ್ಯದಿಂದಲೇ ಉಕ್ಕಿನ ಮೇಲೆ ಅಪಾರ ಆಸಕ್ತಿ. ಬಾಲ್ಯದಲ್ಲಿ ಉಕ್ಕಿನ ಮೇಲೆ ಆಸಕ್ತಿ ಯಾರಿಗಿರುತ್ತದೆ ಹೇಳಿ? ಒಬ್ಬ ಮಹಾಶಯ ಸೀನಿಯರಿನ ಪತ್ರವನ್ನು ಎತ್ತಿಕೊಂಡವನು ಕಾರ್ಖಾನೆಯ ಹೆಸರನ್ನೂ ಬದಲಿಸಿರಲಿಲ್ಲ. ಸಿಮೆಂಟಿನವರಿಗೆ ಬರೆದದ್ದನ್ನು ಉಕ್ಕಿನವರಿಗೆ ಕಳಿಸಲು ಹೊರಟಿದ್ದ. ಅವನಿಗೆ ನಾನು ಅಂದದ್ದು ಇಲ್ಲಿ ಬರೆಯುವಂಥದ್ದಲ್ಲ.

ನಾನು ಧಾರವಾಡದವಳು. ಮದುವೆಯಾಗಿ ಮಲಾಡಿಗೆ ಬಂದು, ಉಪನಗರದ ಈ ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತ ತಲೆ ನೆರೆಯಿತು. ಲೋಹದ ತುಂಡುಗಳನ್ನು ಉಜ್ಜಿ ಸೂಕ್ಷ್ಮದರ್ಶಕದಲ್ಲಿ ನೋಡುವ ಲ್ಯಾಬೂ ನನ್ನ ಕೈಕೆಳಗೇ ಇದೆ. ಸಿಟ್ಟಿನವಳೆಂದು ಹೆಸರಾಗಿದ್ದೇನೆ. ಅದನ್ನು ಅಲ್ಲಗಳೆಯುವ ಗೋಜಿಗೆ ಹೋಗಿಲ್ಲ.

ಆ ವರ್ಷ ಘಟ್ಟದಾಚೆಯ ಒಂದು ಉಕ್ಕಿನ ಕಾರ್ಖಾನೆಯ ಟ್ರೇನಿಂಗ್ ವಿಭಾಗದ ಮುಖ್ಯಸ್ಥರು ನನಗೆ ಫೋನು ಮಾಡಿದ್ದರು. ಒಳ್ಳೆಯ ಮನುಷ್ಯ. ಅವರೂ ನನ್ನಂತೆ ಈ ಪತ್ರಗಳಿಂದ ರೋಸಿಹೋಗಿದ್ದರು. ಕರಗಿಸುವ ವಿಭಾಗಕ್ಕೆ, ರೋಲಿಂಗ್ ಮಿಲ್ಲಿಗೆ ಯಾರನ್ನಾದರೂ ತೆಗೆದುಕೊಳ್ಳುತ್ತೇವೆ, ಅಂಕ ನೋಡಿದರೆ ಸಾಕು. ಆದರೆ ಮುರಿದ ಭಾಗಗಳನ್ನು ಪರೀಕ್ಷಿಸುವ ಲ್ಯಾಬಿಗೆ ಬೇಕಾದದ್ದು ಒಬ್ಬರೇ. ಒಂದಾದರೂ ಮುರಿದ ವಸ್ತುವನ್ನು ತಾನೇ ಕೈಯಲ್ಲಿ ಹಿಡಿದು ನೋಡಿ, ಕಂಡದ್ದನ್ನು ಬರೆಯಬಲ್ಲವರನ್ನು ಕಳಿಸಿ, ಎಂದಿದ್ದರು. ಈ ಮಾತನ್ನು ನಾನು ತರಗತಿಯಲ್ಲಿ ಹೇಳಿದೆ. ಹೇಳಿದ ಮೇಲೂ ಬಂದದ್ದು ಅದೇ ಗೌರವಾನ್ವಿತ ಸಂಸ್ಥೆ, ಅದೇ ಅಪಾರ ಆಸಕ್ತಿ.

ಒಂದು ಪತ್ರ ಮಾತ್ರ ಬೇರೆ ಇತ್ತು. ಮಾಮೂಲಿ ಇಂಗ್ಲಿಷಿನ ಎರಡು ಪ್ಯಾರಾ ಆದ ಮೇಲೆ ಅದರಲ್ಲಿ ಹೀಗೊಂದು ಪ್ಯಾರಾ: 'ನನ್ನ ತಂದೆ ಭಾರ ಎತ್ತುವ ಕೆಲಸ ಮಾಡುತ್ತಿದ್ದರು. ಚೈನಿಗೆ ಹಾಕಿದ್ದ ಪಿನ್ನು ಮುರಿದು ಭಾರ ಮೈಮೇಲೆ ಬಿದ್ದು ತೀರಿಕೊಂಡರು. ಆ ಪಿನ್ನು ನಮ್ಮ ಮನೆಯಲ್ಲಿದೆ. ಅದು ಏಕೆ ಮುರಿಯಿತೆಂದು ತಿಳಿಯಲು ಮೆಟಲರ್ಜಿ ಸೇರಿದೆ. ಇನ್ನೂ ನನಗೆ ತಿಳಿದಿಲ್ಲ.' ಅಲ್ಲಿಗೆ ನಿಂತಿತ್ತು. ಕೆಳಗೆ ಸಹಿ.

ಬರೆದವಳು ಎರಡನೆಯ ಬೆಂಚಿನ ಹುಡುಗಿ. ಕೇಳಿದ್ದಕ್ಕಷ್ಟೆ ಉತ್ತರ ಕೊಡುವವಳು. ಮನೆಮಾತು ದಖ್ಖನಿ, ತಂದೆ ತಾಯಿ ವಿಜಯಪುರದ ಕಡೆಯವರು ಎಂಬುದಷ್ಟೇ ನನಗೆ ಗೊತ್ತಿತ್ತು. ಕರೆಸಿ ಕೂರಿಸಿದೆ. ಕನ್ನಡದಲ್ಲೇ ಮಾತಾಡಿಸಿದೆ. ಅವಳ ಕನ್ನಡ ಎಡವುತ್ತ ಬರುತ್ತದೆ. ನಾಲ್ಕು ಮಾತಿಗೊಮ್ಮೆ ಹಿಂದಿಗೆ ಇಳಿಯುತ್ತಾಳೆ.

"ಪಿನ್ನು ಮನ್ಯಾಗ ಐತಿ, ಲ್ಯಾಬು ಇಲ್ಲೈತಿ. ನಾಲ್ಕು ವರ್ಷ ಆತು. ಒಮ್ಮೆನೂ ತಂದು ನೋಡಲಿಲ್ಲೇನು?" ಎಂದು ಕೇಳಿದೆ. ಗದರಿದಂತೆಯೇ ಕೇಳಿರಬೇಕು.

"ನೋಡೀನಿ ಮ್ಯಾಡಮ್," ಎಂದಳು. "ಮುರದ ಫೇಸ್ ಖರಾಬ್ ಆಗೇದ. ಕುಛ್ ದಿಖತಾ ನಹೀಂ."

ಮರುದಿನ ತಂದಳು. ಹೆಬ್ಬೆರಳಿಗಿಂತ ದಪ್ಪನೆಯ ಉಕ್ಕಿನ ಪಿನ್ನು. ಭಾರ ಎತ್ತುವಾಗ ಚೈನಿನ ತುದಿಯ ಕೊಂಡಿಗೆ ಅಡ್ಡಲಾಗಿ ಹಾಕಿ ತಿರುಪುವಂಥದ್ದು. ತಿರುಪಿನ ಮರೆ, ಅಂದರೆ ಸುರುಳಿಯಾಗಿ ಕೊರೆದ ಗೆರೆ, ಸುರುವಾಗುವಲ್ಲಿಯೇ ಎರಡು ತುಂಡಾಗಿತ್ತು. ಎರಡೂ ತುಂಡುಗಳನ್ನು ಒಂದರ ಮುಖಕ್ಕೆ ಒಂದು ಕೂಡಿಸಿ, ಹಸಿರು ಬಟ್ಟೆಯಲ್ಲಿ ಸುತ್ತಿಟ್ಟಿದ್ದರು. ಬಿಚ್ಚಿದಾಗ ಇಡಿಯ ಪಿನ್ನಿನ ಹಾಗೆಯೇ ಕಂಡಿತು. ಎಣ್ಣೆ ಹಚ್ಚಿ ಫಳಫಳ ಹೊಳೆಯುವಂತೆ ಮಾಡಿದ್ದರು. ನಾನು ಎರಡನ್ನೂ ಬೇರೆ ಮಾಡಿ ದೂರ ದೂರ ಇಟ್ಟೆ.

ಏಕೆಂದರೆ ಎರಡನೆಯ ವರ್ಷದ ಮಕ್ಕಳಿಗೆ ನಾನು ಮೊದಲು ಹೇಳಿಕೊಡುವ ಪಾಠವೇ ಇದು: ಮುರಿದ ಎರಡು ಮುಖಗಳನ್ನು ಯಾವತ್ತೂ ಒಂದಕ್ಕೊಂದು ತಾಗಿಸಿ ನೋಡಬಾರದು. ಮುರಿದ ಮುಖದ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಏರುತಗ್ಗುಗಳಿರುತ್ತವೆ. ಒಂದೇ ಏಟಿಗೆ ಹೆಚ್ಚಿನ ಭಾರ ಬಿದ್ದು ಮುರಿದಿದ್ದರೆ ಒಂದು ಬಗೆ, ದಿನಾ ದಿನಾ ಎತ್ತಿ ಇಳಿಸಿ ಸಣ್ಣ ಬಿರುಕೊಂದು ಬೆಳೆಯುತ್ತ ಹೋಗಿ ಕೊನೆಗೆ ಮುರಿದಿದ್ದರೆ ಇನ್ನೊಂದು ಬಗೆ. ಈ ಎರಡನೆಯದರಲ್ಲಿ, ಮಾರ್ವೆಯಲ್ಲಿ ಸಮುದ್ರ ಇಳಿದಾಗ ಮರಳಿನ ಮೇಲೆ ಉಳಿಯುವ ಗೆರೆಗಳಿದ್ದಂತೆ, ಬಿರುಕು ನಿಂತು ನಿಂತು ಮುಂದುವರಿದ ಗೆರೆಗಳು ಉಳಿದಿರುತ್ತವೆ. ಮುಖಕ್ಕೆ ಮುಖ ಕೂಡಿಸಿದರೆ, ತಿಕ್ಕಿ ತೊಳೆದರೆ ಇವೆಲ್ಲ ಅಳಿಸಿಹೋಗುತ್ತವೆ. ಆಮೇಲೆ ಎಂಥ ದೊಡ್ಡ ಯಂತ್ರದಲ್ಲಿಟ್ಟು ನೋಡಿದರೂ ಅಷ್ಟೆ. ಆದರೆ ಮನುಷ್ಯನ ಕೈಯ ಚಾಳಿ ಏನೆಂದರೆ, ಮುರಿದದ್ದು ಸಿಕ್ಕ ಕೂಡಲೇ ಕೂಡಿಸಿ ನೋಡುವುದು. ಅದಕ್ಕೇ ಪ್ರತಿ ವರ್ಷ ಒಂದು ತಮಾಷೆ ಸೇರಿಸಿ ಹೇಳುತ್ತೇನೆ: ಮುರಿದ ಮುಖಗಳು ಜಗಳವಾಡಿದ ಬೀಗರಿದ್ದ ಹಾಗೆ, ಹತ್ತಿರ ತಂದಷ್ಟೂ ಕೆಡುತ್ತದೆ. ತರಗತಿ ನಗುತ್ತದೆ. ಈ ಹುಡುಗಿ ಎರಡನೆಯ ವರ್ಷದಲ್ಲಿದ್ದಾಗಲೂ ನಕ್ಕಿತ್ತು. ಅವಳು ನಕ್ಕಿದ್ದಳೋ ಇಲ್ಲವೋ ನಾನು ಗಮನಿಸಿರಲಿಲ್ಲ.

"ಯಾರು ತೊಳದದ್ದು?" ಎಂದೆ.

"ಅಮ್ಮಿ," ಎಂದಳು. "ಪ್ರತಿ ಗುರುವಾರ. ಹುಣಸಿಹಣ್ಣು ಹಚ್ಚಿ."

ಆಮೇಲೆ ಅವಳು ತುಂಡು ತುಂಡಾಗಿ ಹೇಳಿದ್ದನ್ನು ನಾನು ಜೋಡಿಸಿ ಹೇಳುತ್ತೇನೆ. ಅವಳು ಏಳನೆಯ ಇಯತ್ತೆಯಲ್ಲಿದ್ದಾಗ ನಡೆದದ್ದು. ಮಲಾಡಿನಲ್ಲೇ ಒಂದು ಶೆಡ್ಡಿನಲ್ಲಿ ತಂದೆಗೆ ಕೆಲಸ. ಕಬ್ಬಿಣದ ತೊಲೆಗಳನ್ನು ಚೈನ್ ಪುಲ್ಲಿಯಿಂದ ಎತ್ತಿ ಟೆಂಪೋಗೆ ಹೇರುವುದು. ತೊಲೆ ಬಿದ್ದ ದಿನ ಮೊದಲು ಹತ್ತಿರದ ದವಾಖಾನೆ, ಅಲ್ಲಿಂದ ಪರೇಲಿನ ದೊಡ್ಡ ಆಸ್ಪತ್ರೆ. ಪರೇಲಿನಲ್ಲಿ ಅವರು ಉಳಿಯಲಿಲ್ಲ. ಹೆಣ ಕೊಡುವುದಕ್ಕಾಗಿ ಕಾಯುತ್ತ ತಾಯಿ ಹೊರಗೆ ಕೂತಿದ್ದಾಗ ಮಾಲೀಕನ ಕಡೆಯವನೊಬ್ಬ ಮರಾಠಿಯಲ್ಲಿ ಬರೆದ ಕಾಗದ ತಂದು ಸಹಿ ಹಾಕಿಸಿಕೊಂಡ. ಏನಿದೆಯೆಂದು ಯಾರೂ ಓದಿ ಹೇಳಲಿಲ್ಲ. ಬೇಡವೆಂದರೂ ಒಬ್ಬನೇ ಹೆಚ್ಚಿನ ಭಾರ ಕಟ್ಟಿ ಎತ್ತಿದ್ದರಿಂದ ಹೀಗಾಯಿತು, ತಪ್ಪು ಅವನದೇ, ಎಂದು ಅದರಲ್ಲಿತ್ತು. ಆಮೇಲೆ ಅವರಿದ್ದ ಚಾಳಿನ ವಠಾರದಲ್ಲೂ ಅದೇ ಮಾತು, ಊರಿನಲ್ಲೂ ಅದೇ ಮಾತು. ಗಡಿಬಿಡಿಯ ಮನುಷ್ಯ, ತನ್ನ ಕೈಯಾರೆ ಸತ್ತ.

ಪಂಚನಾಮೆಯವರು ಚೈನು, ಪುಲ್ಲಿ ಎಲ್ಲ ಬರೆದುಕೊಂಡರು. ಮಣ್ಣಿನಲ್ಲಿ ಬಿದ್ದಿದ್ದ ಪಿನ್ನಿನ ಎರಡು ತುಂಡು ಯಾರಿಗೂ ಬೇಕಾಗಲಿಲ್ಲ. ಜೊತೆಯ ಕೆಲಸಗಾರನೊಬ್ಬ ಮರುದಿನ ಚಪ್ಪಲಿ ಮತ್ತು ಟಿಫಿನ್ ಡಬ್ಬಿಯ ಜೊತೆ ತಂದು ಮನೆಗೆ ಕೊಟ್ಟ. ಡಬ್ಬಿಯನ್ನು ತಾಯಿ ಬಳಕೆಗೆ ಹಾಕಿದಳು. ಪಿನ್ನನ್ನು ಮಾತ್ರ ಎತ್ತಿಟ್ಟಳು. ಅವರ ಕೈ ಕೊನೆಗೆ ಹಿಡಿದದ್ದು ಅದನ್ನೇ. ಗುರುವಾರ ಸಂಜೆ ಲೋಬಾನದ ಹೊಗೆ ಹಾಕಿ ತೀರಿದವರಿಗೆ ಫಾತಿಹಾ ಓದುವ ಮೊದಲು ಅದನ್ನು ಹುಣಸೆಹಣ್ಣಿನಿಂದ ತಿಕ್ಕಿ ತೊಳೆದು, ಒರೆಸಿ, ಎರಡನ್ನೂ ಕೂಡಿಸಿ, ಎಣ್ಣೆ ಸವರಿ ಇಡುವುದು ರೂಢಿಯಾಯಿತು. ಬಿಟ್ಟರೆ ತುಕ್ಕು ಹಿಡಿಯುತ್ತದಲ್ಲ. ಹಾಗೆಲ್ಲಿ ಬಿಡುತ್ತಾಳೆ?

ನಾನು ತುಂಡುಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಬಹಳ ಹೊತ್ತು ನೋಡಿದೆ. ದೀಪವನ್ನು ಒಂದು ಮಗ್ಗುಲಿನಿಂದ ಹಾಕಿದೆ, ಇನ್ನೊಂದು ಮಗ್ಗುಲಿನಿಂದ ಹಾಕಿದೆ. ಏರುಗಳೆಲ್ಲ ಚಪ್ಪಟೆಯಾಗಿದ್ದವು, ತಗ್ಗುಗಳನ್ನು ಹುಣಸೆಯ ಹುಳಿ ತಿಂದಿತ್ತು. ವರ್ಷಗಟ್ಟಲೆ ಸವೆದ ಹೊಸ್ತಿಲು ಹೇಗಿರುತ್ತದೋ ಹಾಗಿತ್ತು. ಏನೂ ಹೇಳಲಾಗುವುದಿಲ್ಲ.

"ಇದನ್ನ ಹಂಗೇ ಬರಿ," ಎಂದೆ. "ಮುರಿದ ಮೇಲೆ ಕೈಯಾಡಿಸಿ ಮುಖ ಕೆಟ್ಟದ, ಕಾರಣ ಹೇಳಲಿಕ್ಕೆ ಬರಂಗಿಲ್ಲ ಅಂತ. ಏನು ಹೇಳಲಿಕ್ಕೆ ಬರಂಗಿಲ್ಲ ಅನ್ನೋದು ಗೊತ್ತಿದ್ದವರನ್ನ ಆ ಲ್ಯಾಬಿನವರು ಕರೆದು ಕುಂಡ್ರಸ್ತಾರ."

ಅವಳು ತಲೆಯಾಡಿಸಿದಳು. ಆಗದು ಎಂದು.

"ಯಾಕ?"

"ಅಮ್ಮೀಗೆ ಓದಿ ಹೇಳಬೇಕು ಮ್ಯಾಡಮ್."

ಪರೇಲಿನ ಆ ಕಾಗದದ ನಂತರ ಆ ಮನೆಯಲ್ಲೊಂದು ಕಟ್ಟಳೆಯಿದೆ. ಸಹಿ ಬಿದ್ದ ಯಾವ ಕಾಗದವೂ ತಾಯಿಗೆ ಒಂದೊಂದೇ ಸಾಲು ಓದಿ, ಅರ್ಥ ಹೇಳದೆ ಹೊಸ್ತಿಲು ದಾಟುವಂತಿಲ್ಲ. ಲೈಟ್ ಬಿಲ್ಲಿನ ಅರ್ಜಿಯಿಂದ ಹಿಡಿದು ಕಾಲೇಜಿನ ಫಾರಂವರೆಗೆ ಎಲ್ಲವೂ. ಮಗಳು ಒಮ್ಮೆಯೂ ಹಾರಿಸಿ ಓದಿದವಳಲ್ಲ. 'ಕೈಯಾಡಿಸಿ ಕೆಟ್ಟದೆ' ಎಂದು ಓದಿದರೆ ಯಾರ ಕೈ ಎಂದು ತಾಯಿ ಕೇಳುತ್ತಾಳೆ. ಕೇಳಿದರೆ ಸುಳ್ಳು ಹೇಳಲು ಬರುವುದಿಲ್ಲ. ಅದಕ್ಕೇ ಪತ್ರ 'ತಿಳಿದಿಲ್ಲ' ಎಂಬಲ್ಲಿ ನಿಂತದ್ದು.

ಆಗ ಉಳಿದದ್ದು ಒಂದೇ ದಾರಿ. ಮುರಿದ ಮುಖ ಕೆಟ್ಟರೂ ಲೋಹದ ಹೊಟ್ಟೆಯೊಳಗಿನ ಸಾಕ್ಷಿ ಕೆಡುವುದಿಲ್ಲ. ದಿನದಿನದ ಎಳೆತಕ್ಕೆ ಒಂದು ಮರೆಯ ಬುಡದಲ್ಲಿ ಬಿರುಕು ಹುಟ್ಟಿದ್ದರೆ, ಅದರ ಪಕ್ಕದ ಮರೆಗಳ ಬುಡದಲ್ಲೂ ಎಳೆಯ ಬಿರುಕುಗಳು ಹುಟ್ಟಿರುವ ಸಂಭವ ಉಂಟು. ಪಿನ್ನನ್ನು ಉದ್ದಕ್ಕೆ ಸೀಳಿ, ಆ ಕೊಯ್ದ ಮೈಯನ್ನು ಉಜ್ಜಿ ನೋಡಿದರೆ ಅವು ಕಾಣುತ್ತವೆ. ಆದರೆ ಸೀಳಬೇಕು. ಅವಳಿಗೂ ಇದು ಗೊತ್ತಿತ್ತು. ಎಷ್ಟೋ ದಿನದಿಂದ ಗೊತ್ತಿತ್ತೆಂದು ಅವಳ ಮುಖವೇ ಹೇಳಿತು.

"ನೀವು ಬಂದು ಅಮ್ಮೀನ ಕೇಳ್ತೀರೇನು?" ಎಂದಳು. ನನ್ನಲ್ಲಿ ಅವಳು ಏನನ್ನಾದರೂ ಕೇಳಿದ್ದು ಅದೇ ಮೊದಲು.

ಭಾನುವಾರ ಹೋದೆ. ನಮ್ಮ ಬಿಲ್ಡಿಂಗಿನಿಂದ ರಿಕ್ಷಾಕ್ಕೆ ಹತ್ತಿರವೇ. ಅವರ ಚಾಳಿನ ಹಾದಿಯಲ್ಲೇ ಆ ಶೆಡ್ಡು ಇತ್ತಂತೆ. ಈಗ ಅಲ್ಲಿ ಟವರು ಎದ್ದಿದೆ, ಗೇಟಿನಲ್ಲಿ ಕಾರಂಜಿ. ನಾನು ದಿನಾ ಸ್ಟೇಷನ್ನಿಗೆ ಹೋಗುವಾಗ ನೋಡುವ ಕಾರಂಜಿಯೇ. ಮಾಲೀಕ ಜಾಗ ಮಾರಿಕೊಂಡು ಎಲ್ಲಿಗೆ ಹೋದನೋ ಯಾರಿಗೂ ಗೊತ್ತಿಲ್ಲ.

ಒಂದೇ ಖೋಲಿ. ಒಂದು ಮೂಲೆಯಲ್ಲಿ ಗುಂಡಿ ಹಚ್ಚಬೇಕಾದ ಶರ್ಟುಗಳ ಗಂಟು. ತಾಯಿ ಮನೆಯಲ್ಲೇ ಆ ಕೆಲಸ ಮಾಡುತ್ತಾಳೆ. ಕನ್ನಡ ಕೇಳಿದ್ದೇ ತಡ, ಮುಖ ಅರಳಿತು.

"ಬರ್ರಿ ಬಾಯಾರ, ಕುಂದರ್ರಿ. ಧಾರವಾಡದವರಂತ ಹೇಳಿದ್ಲು. ನಮ್ಮ ಭಾಷಾ ಕೇಳಿ ಯಾಸು ದಿನಾ ಆತು. ಈಕಿ ಮಾತಾಡ್ತಾಳ, ನಗಿ ಬರತೈತಿ."

ಚಹಾ ಆಯಿತು. ಊರಿನ ಜೋಳ, ಇಲ್ಲಿಯ ನೀರು, ಮಗಳ ಓದು ಎಲ್ಲ ಮಾತಾಯಿತು. ವಿಷಯಕ್ಕೆ ಬಂದೆ. ಪಿನ್ನನ್ನು ಕೊಯ್ದು ನೋಡಿದರೆ ನಿಮ್ಮ ಯಜಮಾನರದು ತಪ್ಪಿತ್ತೋ ಇಲ್ಲವೋ ಗೊತ್ತಾಗಬಹುದು, ಮಗಳು ಅದನ್ನು ಬರೆದರೆ ಕಾರ್ಖಾನೆಯಲ್ಲಿ ಒಳ್ಳೆಯ ಜಾಗ ಸಿಗಬಹುದು, ಎಂದೆ. ನನಗೆ ತಿಳಿದಷ್ಟು ಮೆತ್ತಗೆ ಹೇಳಿದೆ.

ತಾಯಿ ಹಸಿರು ಬಟ್ಟೆಯ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡಳು.

"ಒಮ್ಮೆ ಅವರನ್ನ ದವಾಖಾನ್ಯಾಗ ಕೊಯ್ದು ನೋಡ್ಯಾರ್ರಿ ಬಾಯಾರ. ಬ್ಯಾಡಂದ್ರೂ ಕೇಳಲಿಲ್ಲ, ಕಾಯ್ದೆ ಐತಿ ಅಂದ್ರು. ಈಗ ಇದನ್ನೂ ಕೊಯ್ತೀರೇನು?"

ಮಗಳು ನೆಲ ನೋಡುತ್ತ ಕೂತಿದ್ದಳು.

ತಾಯಿಯೇ ಮತ್ತೆ ಕೇಳಿದಳು: "ಮುರದ ಜಾಗಾ ಕಣ್ಣಿಗೆ ಕಾಣತೈತಲ್ರಿ. ಅದನ್ನ ನೋಡಿದ್ರ ತಿಳಿಯಂಗಿಲ್ಲೇನು? ಕೊಯ್ಯಬೇಕ್ಯಾಕ?"

ಸರಿಯಾದ ಪ್ರಶ್ನೆ. ನನ್ನ ವಿದ್ಯಾರ್ಥಿಗಳು ಇಷ್ಟು ಸರಿಯಾದ ಪ್ರಶ್ನೆ ಕೇಳಿದ್ದು ಕಡಿಮೆ. ನಾನು ಮಗಳ ಕಡೆ ನೋಡಿದೆ. ಹಾಗೆ ನೋಡಬಾರದಿತ್ತೇನೋ, ಆದರೆ ನೋಡಿಬಿಟ್ಟೆ.

"ಪುರಾನಾ ಹೋ ಗಯಾ ಅಮ್ಮಿ," ಎಂದಳು ಹುಡುಗಿ. "ಹಳೇದಾತು. ತಾನಾಗೇ ಹೋಗೇದ."

ತಾಯಿ ಅವಳನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಗಂಟನ್ನು ಎತ್ತಿ ಒಳಗಿಟ್ಟಳು. "ಬ್ಯಾಡ್ರಿ ಬಾಯಾರ. ಇದೊಂದು ಇರಲಿ," ಎಂದಳು. ಹೊರಡುವಾಗ ಬಾಗಿಲವರೆಗೆ ಬಂದು ಎರಡು ಬಾಳೆಹಣ್ಣು ಕೈಗಿಟ್ಟಳು.

ಮರುದಿನ ಹುಡುಗಿ ಹೊಸ ಪತ್ರ ತಂದುಕೊಟ್ಟಳು. ಪಿನ್ನಿನ ಪ್ಯಾರಾ ಇರಲಿಲ್ಲ. ಗೌರವಾನ್ವಿತ ಸಂಸ್ಥೆ ಇತ್ತು. ಬಾಲ್ಯದಿಂದ ಅಪಾರ ಆಸಕ್ತಿ ಇತ್ತು. ತಿದ್ದುವಂಥ ತಪ್ಪು ಒಂದೂ ಇರಲಿಲ್ಲ. ನನಗೆ ಅಳು ಬಂತು, ಅಳು ಬಂದದ್ದಕ್ಕೆ ಸಿಟ್ಟೂ ಬಂತು. "ಇದರಾಗ ನೀ ಎಲ್ಲಿದ್ದಿ?" ಎಂದು ಕೇಳಿದೆ. ಅವಳು, "ಇದನ್ನ ಅಮ್ಮೀಗೆ ಓದಿ ಹೇಳೀನಿ ಮ್ಯಾಡಮ್," ಎಂದಳು. ಅಂಥ ಇನ್ನಿಪ್ಪತ್ತು ಪತ್ರಗಳ ನಡುವೆ ಇದನ್ನೂ ಇಟ್ಟೆ. ಶನಿವಾರ ಕಳಿಸುವುದಿತ್ತು. ಆ ಲ್ಯಾಬಿನ ಜಾಗ ಈ ಪತ್ರಕ್ಕೆ ಸಿಗುವುದಿಲ್ಲವೆಂದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಶುಕ್ರವಾರ ಬೆಳಿಗ್ಗೆ ಕಾಲೇಜಿನ ಗೇಟಿನಿಂದ ಫೋನು ಬಂತು, ಯಾರೋ ನಿಮ್ಮನ್ನು ಕೇಳುತ್ತಿದ್ದಾರೆಂದು. ಹೋಗಿ ನೋಡಿದರೆ ತಾಯಿ. ಬುರ್ಖಾದ ತೋಳಿನಲ್ಲಿ ಒಂದು ಕೈಚೀಲ. ಒಬ್ಬಳೇ ಲೋಕಲ್ ಟ್ರೇನು ಹತ್ತಿ ಬಂದಿದ್ದಳು. ಲ್ಯಾಬಿಗೆ ಕರೆದುಕೊಂಡು ಹೋಗಿ ಸ್ಟೂಲು ಕೊಟ್ಟೆ, ಕೂರಲಿಲ್ಲ.

ಚೀಲದಿಂದ ಎರಡು ಗಂಟು ತೆಗೆದು ಮೇಜಿನ ಮೇಲಿಟ್ಟಳು. ಒಂದು ಹಸಿರು ಬಟ್ಟೆಯದು, ಇನ್ನೊಂದು ಯಾವುದೋ ಹಳೆಯ ಶರ್ಟಿನದು. ಎರಡರ ನಡುವೆ ಒಂದು ಗೇಣು ಜಾಗ ಬಿಟ್ಟು ಇಟ್ಟಳು.

"ನಾ ತೊಳದದ್ದಕ್ಕ ಹೋತಲ್ರಿ?" ಎಂದಳು.

ನಾನು ಸ್ಟೂಲನ್ನು ಮತ್ತೆ ಅವಳ ಕಡೆ ಸರಿಸಿದೆ.

"ಆಕಿ ಹೇಳಲಿಲ್ಲ. ಹೇಳಂಗಿಲ್ಲ ಆಕಿ. ಎರಡು ವರ್ಷದ ಹಿಂದ ಒಂದಿನಾ ಕಾಲೇಜಿನಿಂದ ಬಂದಾಕಿನ, ನಾ ತೊಳದು ಕೂಡಸಾಕತ್ತಿದ್ದೆ, ನನ್ನ ಕೈಯಾಗಿಂದ ಕಸಗೊಂಡು ಎರಡೂ ತುಂಡ ಬ್ಯಾರೆ ಮಾಡಿದ್ಲು. ಯಾಕ ಬೇಟಿ ಅಂದೆ. ಒಂದ ಮಾತಾಡಲಿಲ್ಲ. ವಾಪಸ್ ಕೊಟ್ಟು ಹೊರಗ ಹೋಗಿ ಕುಂತ್ಲು. ಅವತ್ತ ನಂಗ ತಿಳೀಲಿಲ್ಲ ಬಾಯಾರ. ಮೊನ್ನಿ ನೀವು ಆಕಿ ಮುಖಾ ನೋಡಿದಾಗ ತಿಳೀತು."

ಇಲ್ಲವೆಂದು ಹೇಳಬಹುದಿತ್ತು. ಹೇಳಿದರೆ ನಂಬುತ್ತಿರಲಿಲ್ಲ. "ಯಾರಾದ್ರೂ ತೊಳೀತಿದ್ರು ತಾಯಿ. ನಾನಿದ್ರೂ ತೊಳೀತಿದ್ದೆ," ಎಂದೆ. ಅದು ನಿಜವೂ ಹೌದು. ಪಾಠ ಓದದೆ ಇದ್ದಿದ್ದರೆ ನಾನೂ ಕೂಡಿಸಿಯೇ ಇಡುತ್ತಿದ್ದೆ.

"ನಿನ್ನೆ ಗುರುವಾರ. ತೊಳೀಲಿಲ್ಲ," ಎಂದಳು. "ಕೊಯ್ರಿ. ಆಕೀನೂ ಕರೀರಿ."

ಹುಡುಗಿ ಬಂದಳು. ತಾಯಿಯನ್ನೂ ಎರಡು ಗಂಟನ್ನೂ ಕಂಡು ಬಾಗಿಲಲ್ಲೇ ನಿಂತಳು. ನಾನು ಮಾಡಲೇ ಎಂದು ಕೇಳಿದೆ. ಇಲ್ಲ, ನಾನೇ, ಎಂದು ಅವಳು ಏಪ್ರನ್ ಕಟ್ಟಿಕೊಂಡಳು. ಮರೆಗಳಿದ್ದ ತುಂಡನ್ನು ಕಟಿಂಗ್ ಯಂತ್ರಕ್ಕೆ ಬಿಗಿದಳು. ಲೋಹ ಬಿಸಿಯಾಗಬಾರದೆಂದು ಕೊಯ್ಯುವಾಗ ಎಣ್ಣೆ ಬೆರೆತ ನೀರು ಸುರಿಯುತ್ತದೆ, ನೋಡಲು ಹಾಲಿನಂತೆ ಬೆಳ್ಳಗೆ. ಮುಚ್ಚಳದ ಗಾಜಿನಾಚೆ ಆ ಬಿಳಿಯ ನೀರು ಪಿನ್ನಿನ ಮೇಲೆ ಸುರಿಯುವುದನ್ನು ತಾಯಿ ಕಣ್ಣು ಮಿಟುಕಿಸದೆ ನೋಡಿದಳು. ಚಕ್ರ ಲೋಹಕ್ಕೆ ತಾಗಿ ಕಿರ್ರೆಂದಾಗ ಮಾತ್ರ ಸೆರಗಿನಂತೆ ಬುರ್ಖಾದ ತುದಿಯನ್ನು ಬಾಯಿಗೊತ್ತಿಕೊಂಡಳು.

ಕೊಯ್ದದ್ದನ್ನು ಕಪ್ಪು ಪುಡಿಯೊಳಗಿಟ್ಟು ಬಿಸಿಮಾಡಿ ಒತ್ತಿ, ಹಿಡಿಯಲು ಬರುವಂತೆ ಬಿಲ್ಲೆ ಮಾಡಿ, ಒರಟು ಎಮರಿ ಕಾಗದದಿಂದ ನಯವಾದದ್ದರವರೆಗೆ ಒಂದಾದ ಮೇಲೊಂದರಂತೆ ತಿಕ್ಕಬೇಕು. ಪ್ರತಿ ಕಾಗದಕ್ಕೂ ದಿಕ್ಕು ತಿರುಗಿಸಿ, ಹಿಂದಿನ ಗೀರು ಹೋಗುವವರೆಗೂ. ಕೊನೆಗೆ ಮಖಮಲ್ಲಿನ ಬಟ್ಟೆಯ ಮೇಲೆ ಕನ್ನಡಿಯಂತಾಗಬೇಕು. ಹುಡುಗಿ ತಿಕ್ಕುತ್ತಿದ್ದಳು. ತಾಯಿ ಅವಳ ಕೈಯನ್ನೇ ನೋಡುತ್ತಿದ್ದಳು. "ಹಿಂಗ ತಿಕ್ಕಿದ್ರ ನಡೀತೈತೇನು?" ಎಂದು ಒಮ್ಮೆ ಕೇಳಿದಳು. "ಇದು ಒಳಗಿಂದು ಅಮ್ಮಿ, ನಡೀತದ," ಎಂದಳು ಮಗಳು.

ಸೂಕ್ಷ್ಮದರ್ಶಕದಲ್ಲಿ ಮೊದಲು ಅವಳೇ ನೋಡಿದಳು. ನೋಡಿ, ಎದ್ದು ನನಗೆ ಜಾಗ ಬಿಟ್ಟಳು. ಮುರಿದ ಜಾಗದ ಪಕ್ಕದ ಮರೆಯ ಬುಡದಿಂದ ಒಂದು ಸಣ್ಣ ಬಿರುಕು ನೆಟ್ಟಗೆ ಒಳಕ್ಕೆ ಇಳಿದಿತ್ತು. ಕವಲಿಲ್ಲ, ಸೊಟ್ಟಿಲ್ಲ, ಒಳಗೆ ಬೂದುಬಣ್ಣದ ತುಕ್ಕು ತುಂಬಿತ್ತು. ಅದರಾಚೆಯ ಮರೆಯಲ್ಲಿ ಇನ್ನೂ ಚಿಕ್ಕದೊಂದು. ಆಮೇಲೆ ಆಸಿಡ್ಡು ಬೆರೆತ ಆಲ್ಕೋಹಾಲು ಸವರಿ ನೋಡಿದರೆ, ಕಾಯಿಸಿ ಹದಮಾಡಿದ ಗಟ್ಟಿ ಉಕ್ಕಿನ ಗುರುತೇ ಇಲ್ಲ. ಕಿಟಕಿಯ ಸರಳಿಗೆ ಹಾಕುವಂಥ ಸಾದಾ ಉಕ್ಕು. ಅಸಲಿ ಪಿನ್ನು ಎಲ್ಲಿ ಹೋಯಿತೋ, ಯಾರೋ ಸಾದಾ ಸರಳನ್ನು ಲೇತಿನಲ್ಲಿ ತಿರುವಿ, ಮರೆ ಕೊರೆದು ಹಾಕಿದ್ದರು.

ಒಂದೇ ದಿನದ ಭಾರಕ್ಕೆ ಪಕ್ಕದ ಮರೆಗಳಲ್ಲಿ ಇಂಥ ಬಿರುಕು ಬರುವುದಿಲ್ಲ. ಹುಡುಗಿಯ ತಂದೆ ಆ ದಿನ ಅದನ್ನು ಕೈಗೆತ್ತಿಕೊಳ್ಳುವ ಎಷ್ಟೋ ದಿನ ಮೊದಲೇ ಅದು ಒಳಗೊಳಗೆ ಬಿರುಕು ಬಿಡುತ್ತಿತ್ತು. ತಾಯಿಗೆ ಹಾಗೆಯೇ ಹೇಳಿದೆ. ಕಣ್ಣಿಟ್ಟು ನೋಡಿ ಎಂದು ತೋರಿಸಿದೆ. ಅವಳು ಬಾಗಿ ಬಹಳ ಹೊತ್ತು ನೋಡಿದಳು.

"ಈ ಕರಿ ಗೆರಿ ಏನ್ರಿ?"

"ಅದೇ ತಾಯಿ. ಅವರದು ತಪ್ಪಿರಲಿಲ್ಲ."

ಅವಳಿಗೆ ಖುಷಿಯಾಗಬಹುದೆಂದು ನಾನು ಹುಚ್ಚಿಯ ಹಾಗೆ ಕಾದೆ. ಅವಳು ಸ್ಟೂಲಿನ ಮೇಲೆ ಕುಸಿದು ಕೂತು, "ಇಷ್ಟು ವರ್ಷ ನನ್ನ ಮನ್ಯಾಗೇ ಇತ್ತಲ್ರಿ," ಎಂದಳು. "ನಾ ಅವರಿಗೆ ಬೈದೀನಿ ಬಾಯಾರ. ಸತ್ತವರಿಗೆ. ಗಡಿಬಿಡಿ ಯಾಕ ಮಾಡಿದ್ರಿ, ನಮ್ಮನ್ನ ಯಾಕ ಹಿಂಗ ಬಿಟ್ಟು ಹೋದ್ರಿ ಅಂತ. ಎಷ್ಟು ಗುರುವಾರ ಬೈದೀನಿ." ಆಮೇಲೆ ಅತ್ತಳು. ಮಗಳು ಕೈಯ ಕೊಳೆಯನ್ನೂ ತೊಳೆಯದೆ ಬಂದು ಅವಳನ್ನು ತಬ್ಬಿಕೊಂಡಳು. ನಾನು ಕಿಟಕಿಯ ಕಡೆ ಮುಖ ಮಾಡಿ ನಿಂತೆ, ನನ್ನ ಕಣ್ಣೂ ಹರಿಯುತ್ತಿತ್ತು.

ಈ ಸತ್ಯವನ್ನು ಒಯ್ದು ತೋರಿಸುವುದಾದರೂ ಯಾರಿಗೆ? ಶೆಡ್ಡಿಲ್ಲ, ಮಾಲೀಕನಿಲ್ಲ, ಪಿನ್ನಿನ ಮುರಿದ ಮುಖವೂ ಉಳಿದಿಲ್ಲ. ಕೊಂಕು ಆಡಿದ್ದ ಚಾಳಿನವರೂ ಎಷ್ಟೋ ಜನ ಖೋಲಿ ಖಾಲಿ ಮಾಡಿ ಹೋಗಿದ್ದರು. ಬರೆದಿಡಲು ಉಳಿದ ಜಾಗವೆಂದರೆ ಇಂಟರ್ನ್‌ಶಿಪ್ಪಿನ ಒಂದು ಕವರ್ ಲೆಟರು, ಅದೂ ಮರುದಿನ ಹೋಗಬೇಕಾದದ್ದು.

ಹುಡುಗಿ ಲ್ಯಾಬಿನಲ್ಲೇ ಕೂತು ಬರೆದಳು. ಬರೆದು, ಅವರ ಮನೆಯ ಕಟ್ಟಳೆಯಂತೆ ತಾಯಿಗೆ ಓದಿ ಹೇಳಿದಳು. ಇಂಗ್ಲಿಷಿನ ಒಂದು ಸಾಲು, ಅವಳ ಎಡವುವ ಕನ್ನಡದಲ್ಲಿ ಅದರ ಅರ್ಥ. ಪಿನ್ನು ಯಾವುದು, ಎಲ್ಲಿ ಮುರಿದಿತ್ತು, ಪಕ್ಕದ ಮರೆಯಲ್ಲಿ ಕಂಡ ಬಿರುಕು, ಹದಮಾಡದ ಉಕ್ಕು. ನಡುವಿನ ಆ ಸಾಲನ್ನೂ ಹಾರಿಸಲಿಲ್ಲ. ದನಿ ಇಳಿಸಿ ಓದಿದಳು: 'ಮುರಿದ ನಂತರ ಕೈಯಾಡಿಸಿದ್ದರಿಂದ ಮುರಿದ ಮುಖಗಳು ಕೆಟ್ಟಿದ್ದವು.'

"ಯಾರ ಕೈ ಅಂತ ಬರಿ," ಎಂದಳು ತಾಯಿ.

"ಅಮ್ಮಿ, ನಕ್ಕೊ, ಬ್ಯಾಡ. ಅದು ಬೇಕಿಲ್ಲ."

"ಬರಿ ಬೇಟಿ. ಅವತ್ತ ಸುಳ್ಳ ಕಾಗದಕ್ಕ ಸಹಿ ಹಾಕೀನಿ. ಇದು ಖರೇ ಇರಲಿ. ನಮ್ಮವ್ವ ತೊಳೀತಿದ್ಲು, ಕೂಡಿಸಿ ಇಡತಿದ್ಲು ಅಂತ ಬರಿ."

ಹುಡುಗಿ ನನ್ನ ಕಡೆ ನೋಡಿದಳು. ಇಂಥದ್ದನ್ನು ಕವರ್ ಲೆಟರಿನಲ್ಲಿ ಯಾರೂ ಬರೆಯುವುದಿಲ್ಲ. ಬೇರೆ ಯಾರಾದರೂ ಬರೆದಿದ್ದರೆ ಕೆಂಪು ಪೆನ್ನಿನಿಂದ ಹೊಡೆದುಹಾಕುತ್ತಿದ್ದೆ. ಬರಿ ಎಂದೆ.

ಅವಳಿಗೆ ಆ ಲ್ಯಾಬಿನಲ್ಲಿ ಜಾಗ ಸಿಕ್ಕಿತು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಆರು ತಿಂಗಳು ಅಲ್ಲಿದ್ದು ಕಲಿತು ಬಂದಳು. ಟ್ರೇನಿಂಗ್ ಮುಖ್ಯಸ್ಥರು ಫೋನಿನಲ್ಲಿ ಒಂದೇ ಮಾತು ಕೇಳಿದರು, ಪತ್ರದ ಕೆಳಗಿರುವುದು ಯಾವ ಲಿಪಿ ಎಂದು.

ಅದಾದದ್ದು ಹೀಗೆ. ಪತ್ರವನ್ನು ಪ್ರಿಂಟು ತೆಗೆದು ಹುಡುಗಿ ಸಹಿ ಹಾಕಿದಳು. ತಾಯಿ ಕಾಗದವನ್ನು ತನ್ನ ಕಡೆ ಎಳೆದುಕೊಂಡು, ಮೇಲಿಂದ ಕೆಳಗೆ ಬೆರಳಾಡಿಸಿ, "ನನ್ನ ಸಹಿ ಎಲ್ಲಿ?" ಎಂದು ಕೇಳಿದಳು. ಕವರ್ ಲೆಟರಿನಲ್ಲಿ ತಾಯಂದಿರ ಸಹಿಗೆ ಜಾಗವಿರುವುದಿಲ್ಲ. ಮಗಳ ಸಹಿಯ ಕೆಳಗೆ ಖಾಲಿ ಇದ್ದಲ್ಲಿ ಬೆರಳಿಟ್ಟು ತೋರಿಸಿದೆ. ಊರಿನ ಕನ್ನಡ ಶಾಲೆಯಲ್ಲಿ ನಾಲ್ಕು ಇಯತ್ತೆ ಕಲಿತವಳು, ಒಂದೊಂದೇ ಅಕ್ಷರ ಒತ್ತಿ ಒತ್ತಿ ಕನ್ನಡದಲ್ಲಿ ತನ್ನ ಹೆಸರು ಬರೆದಳು. ಕನ್ನಡ ಓದಲು ಬಾರದ ಮಗಳು ಆ ಅಕ್ಷರಗಳನ್ನು ಸುಮ್ಮನೆ ನೋಡಿದಳು.

ಹೊರಡುವ ಮುಂಚೆ ತಾಯಿ ಉಳಿದ ತುಂಡುಗಳನ್ನು ಕೇಳಿದಳು. ಕೊಯ್ದುಳಿದದ್ದನ್ನೂ ಇಡಿಯಾಗಿದ್ದ ಇನ್ನೊಂದನ್ನೂ ಕೊಟ್ಟೆ. ಒಂದೊಂದು ಕೈಯಲ್ಲಿ ಒಂದೊಂದು ಹಿಡಿದಳು. ಅಷ್ಟು ವರ್ಷದ ಚಾಳಿ, ಎರಡೂ ಕೈ ತಾವಾಗಿಯೇ ಒಂದರ ಕಡೆ ಒಂದು ಸರಿದವು. ನಡುವೆ ನಿಂತವು. ಹಾಗೆಯೇ ಹಿಡಿದುಕೊಂಡು ನನ್ನ ಕಡೆ ತಿರುಗಿ, "ಈಗ ಕೂಡಿಸಿದ್ರ ನಡೀತೈತೇನ್ರಿ?" ಎಂದು ಕೇಳಿದಳು.

ಈಗ ನಡೆಯುತ್ತದೆ ಎಂದೆ. ಕೂಡಿಸಿದಳು. ಒಂದು ಮಗ್ಗುಲು ಕೊಯ್ದುಹೋಗಿತ್ತಲ್ಲ, ಸರಿಯಾಗಿ ಕೂಡಲಿಲ್ಲ.